ಮಾವ ತಿದ್ದಿದ ಪತ್ರ

ಗಚ್ಚಿಬೌಲಿಯ ಒಂದು ಕಂಪನಿಗೆ ನಾನು ನಲವತ್ತು ಕಿಟಕಿ ಪರದೆ ಹೊಲಿದು ಕೊಟ್ಟಿದ್ದೆ. ಬಿಲ್ಲಿನ ಗಡುವು ಮುಗಿದು ಮೂವತ್ತು ದಿನವಾಗಿತ್ತು. ಮಾಲೀಕ ಸುಧೀಂದ್ರರಾಯರಿಗೆ ನೆನಪಿಸಿ ಮೇಲ್ ಬರೆಯಲು ಕುಳಿತೆ. ನನ್ನ ಗ್ರಹಚಾರಕ್ಕೆ, ಸರ್ಕಾರಿ ಕಚೇರಿಯಲ್ಲಿ ಜೀವಮಾನವೆಲ್ಲ ಪತ್ರ ತಿದ್ದಿ ನಿವೃತ್ತರಾದ ಮಾವ ಪಕ್ಕದಲ್ಲೇ ಇದ್ದರು.

“ಬಿಲ್ ನಂಬರ್ ಯಾಕ? ಪೊಲೀಸ್ ನೋಟಿಸ್ ಇದ್ದಂಗ ಕಾಣ್ತದ,” ಎಂದು ಅದನ್ನು ತೆಗೆಸಿದರು. “ರೊಕ್ಕ ಎಷ್ಟಂತ ಬರದ್ರ ಹಲ್ಕಾ ಮಂದಿ ಅಂತಾರ.” ಅದೂ ಹೋಯಿತು. “ದಿನ ಎಣಿಸಿ ಹೇಳಬಾರದವಾ, ಅವರ ಮನಸ್ಸಿಗೆ ಹತ್ತತದ.” ಕೊನೆಗೆ ಉಳಿದದ್ದು ರಾಯರ ಆರೋಗ್ಯ ವಿಚಾರಣೆ ಮತ್ತು ಯುಗಾದಿಯ ಶುಭಾಶಯ. ಅದನ್ನೇ ಕಳಿಸಿದೆ.

ಮರುದಿನ ರಾಯರು ಉತ್ತರಿಸಿದರು: “ಭಾಳ ಸಂತೋಷ ಆತ್ರಿ. ಇನ್ನೂ ಇಪ್ಪತ್ತು ಪರದೆ ಬೇಕಾಗ್ಯಾವ.”

ಮಾವ ಹಿಗ್ಗಿದರು. ನಾನು ಅಡುಗೆಮನೆಗೆ ಹೋಗಿ ಮೊಬೈಲಿನಲ್ಲೇ ಬರೆದೆ: “ಹೊಸ ಆರ್ಡರಿಗೆ ಧನ್ಯವಾದ, ರಾಯರೇ. ಬಿಲ್ ನಂಬರ್ 118ರ ₹64,000 ಬರುವುದು ಬಾಕಿ ಇದೆ. ಗಡುವು ಮುಗಿದು ಮೂವತ್ತೊಂದು ದಿನವಾಯಿತು. ಪ್ರತಿ ಲಗತ್ತಿಸಿದ್ದೇನೆ. ಹಣ ಬಂದ ದಿನವೇ ಹೊಸ ಕೆಲಸ ಶುರು ಮಾಡುವೆ.”

ಒಂದು ಗಂಟೆಯೊಳಗೆ ಹಣ ಬಂತು, ಜೊತೆಗೆ ಒಂದು ಸಾಲು: “ತಪ್ಪಾತ್ರಿ, ಬಿಲ್ ಯಾವುದೋ ಫೈಲಿನ್ಯಾಗ ಕೂತಿತ್ತು. ನಿನ್ನೆನೇ ಹೇಳಬಾರದೇನ್ರಿ?”

ಬ್ಯಾಂಕಿನ ಸಂದೇಶವನ್ನು ಮಾವನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿಕೊಂಡು ಓದಿದರು.

“ನೋಡಿದ್ಯಾ ನನ್ನ ಪತ್ರದ ತಾಕತ್ತು? ನೀ ಬರದಂಗ ಕಳಿಸಿದ್ರ ಒಂದು ಪೈಸಾನೂ ಬರ್ತಿರಲಿಲ್ಲ!”