ದಾದರಿನ ಚೆಂಡು ಹೂವಿನ ದರ

ಮುಂಬೈಯ ಪರೇಲಿನ ಕುಂದಾ ಪಾಟ್ಕರ್ ಮದುವೆ ಮಂಟಪ ಅಲಂಕರಿಸುವ ಕೆಲಸವನ್ನು ಗಂಡನಿಂದ ಕಲಿತವಳು. ಗಂಡ ತೀರಿಕೊಂಡ ಮೇಲೂ ಹೂವು ತರುತ್ತಿದ್ದದ್ದು ಅವನು ತೋರಿಸಿಕೊಟ್ಟ ಕಡೆಯಿಂದಲೇ: ದಾದರ್ ಸಗಟು ಮಾರುಕಟ್ಟೆಯ ಮೇಲ್ಸೇತುವೆಯ ಕೆಳಗೆ ಕೂರುವ ದಗಡೂ ಶೇಳಕೆಯಿಂದ. ಗಂಡನ ಗೆಳೆಯನಾದ್ದರಿಂದ ಅವನು ಇವಳನ್ನು ಅತ್ತಿಗೆಯೆಂದು 'ವೈನಿ' ಎನ್ನುತ್ತಿದ್ದ, ಇವಳು ಅವನನ್ನು ಮೈದುನನೆಂದು 'ಭಾವೂಜಿ' ಎನ್ನುತ್ತಿದ್ದಳು. ಹದಿನೆಂಟು ವರ್ಷ ಹೀಗೇ ನಡೆದಿತ್ತು.

ಆ ಸಲ ಶನಿವಾರ ದೊಡ್ಡ ಮುಹೂರ್ತ. ಮಂಟಪಕ್ಕೆ ನಲವತ್ತು ಕಿಲೋ ಚೆಂಡು ಹೂವು ಬೇಕಿತ್ತು. ಗುರುವಾರ ಬೆಳಿಗ್ಗೆ ಹೇಳಿಡಲು ಹೋದಾಗ ಶೇಳಕೆ ಅಂದ: "ಕಿಲೋಕ್ಕ ನೂರಾಹತ್ತು ಆಗ್ತೈತಿ ವೈನಿ. ಹಿಡಿದಿಡ್ತೀನಿ."

"ಇವತ್ತ ಎಂಬತ್ತಕ್ಕ ಮಾರ್ಲಿಕತ್ತೀರಿ. ನನಗ ಮಾತ್ರ ನೂರಾಹತ್ತು?"

"ಇವತ್ತಿನ ಮಾತು ಬ್ಯಾರೆ. ಶನಿವಾರ ಊರ ತುಂಬ ಮದುವಿ ಅದಾವು."

ಹಿಂದಿನ ಸಂಜೆಯಷ್ಟೇ ಸೊಸೆ ಶೀತಲ್ ಆನ್‌ಲೈನ್ ಅಂಗಡಿಯೊಂದರ ದರ ತೋರಿಸಿದ್ದಳು: ಚೆಂಡು ಹೂವು, ಅರವತ್ತು ರೂಪಾಯಿ. "ಅತ್ತಿ, ಆ ಮನಿಷ್ಯಾ ನಿಮ್ಮ ಮುಖ ನೋಡೇ ರೇಟ್ ಹೇಳ್ತಾನ" ಅಂದಿದ್ದಳು. ಆ ಮಾತು ಕುಂದಾಳ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಫೋನು ತೆಗೆದು ಶೇಳಕೆಯ ಮುಖದ ಮುಂದೆ ಹಿಡಿದಳು. ಸುತ್ತ ನಾಲ್ಕೈದು ಗಿರಾಕಿಗಳಿದ್ದರು.

"ಅರವತ್ತು! ನೋಡ್ರಿ. ಹದಿನೆಂಟು ವರ್ಷದಾಗ ನನ್ನ ಕಡೆಯಿಂದ ಎಷ್ಟ ಹೊಡಕೊಂಡ್ರಿ, ಹೇಳ್ರಿ ಭಾವೂಜಿ?"

ಒಬ್ಬ ಗಿರಾಕಿ ನಕ್ಕ. ಶೇಳಕೆ ತಕ್ಕಡಿಯಿಂದ ಕೈ ತೆಗೆದ. ಫೋನನ್ನು ಓದಲೂ ಇಲ್ಲ. "ಹಂಗಿದ್ರ ಅಲ್ಲೇ ತಗೋರಿ" ಎಂದಷ್ಟೇ ಹೇಳಿ ಮುಂದಿನವನ ಕಡೆ ತಿರುಗಿದ.

ಮನೆಗೆ ಬಂದು ಶೀತಲ್ ಜೊತೆ ಕೂತು ಎಲ್ಲವನ್ನೂ ಆರಿಸಿದಳು: ದೀಪದ ಸರ, ಕಾಗದದ ಹೂಗುಚ್ಛ, ಕೊನೆಗೆ ಚೆಂಡು ಹೂವು. ನಲವತ್ತು ಎಂದು ಒತ್ತಿದರೆ ತೂಕ ಇಪ್ಪತ್ತೇ ಕಿಲೋ ತೋರಿಸಿತು. ಅರವತ್ತು ರೂಪಾಯಿ ಅರ್ಧ ಕಿಲೋ ಪೊಟ್ಟಣಕ್ಕೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಕಿಲೋಗೆ ನೂರಿಪ್ಪತ್ತು. ಶೇಳಕೆಗಿಂತ ಹತ್ತು ರೂಪಾಯಿ ಜಾಸ್ತಿ.

"ಅತ್ತಿ, ನಾನು ಸರಿಯಾಗಿ ನೋಡ್ಲೇ ಇಲ್ಲ. ಮಾರ್ಕೆಟ್ಟಿಗೇ ಹೋಗ್ರಿ" ಎಂದಳು ಶೀತಲ್.

"ಯಾವ ಮುಖ ಹೊತಗೊಂಡು ಹೋಗ್ಲಿ? ಒತ್ತು ಎಂಬತ್ತು."

ಆಗಲೇ ಎದ್ದು ಹೋಗಬಹುದಿತ್ತು. ದಾದರ್ ಅಲ್ಲಿಂದ ಒಂದೇ ನಿಲ್ದಾಣ.

ಶುಕ್ರವಾರ ದೀಪದ ಸರ ಬಂತು. ದೀಪದ ಸಾಮಾನಿನ ಪೇಟೆ ಲೋಹಾರ್ ಚಾಳಿನಲ್ಲಿ ಕೊಡುತ್ತಿದ್ದ ದರಕ್ಕಿಂತ ಅಗ್ಗ, ಒಂದು ಬಲ್ಬೂ ಕೆಟ್ಟಿರಲಿಲ್ಲ. ಕಾಗದದ ಗುಚ್ಛಗಳು ಮಾತ್ರ ಅಂಗೈಯಷ್ಟೇ ಇದ್ದವು. ಅಳತೆ ಬರೆದಿತ್ತು, ಇವರು ಚಿತ್ರ ನೋಡಿ ದೊಡ್ಡವು ಅಂದುಕೊಂಡಿದ್ದರು. ವಾಪಸು ಕಳಿಸಿ ಬೇರೆ ತರಿಸಲು ದಿನವಿರಲಿಲ್ಲ.

ಶನಿವಾರ ಆರು ಗಂಟೆಗೆ ಹೂವು ಬಂದಾಗ ಎಂಬತ್ತರಲ್ಲಿ ಇಪ್ಪತ್ತಾರು ಪೊಟ್ಟಣಗಳಿದ್ದವು. ಉಳಿದದ್ದು ಮುಗಿದಿದೆ, ಹಣ ವಾಪಸು ಬರುತ್ತದೆ ಎಂದು ಸಂದೇಶ. ಬಂದ ಹೂವೂ ಪ್ಲಾಸ್ಟಿಕ್ಕಿನೊಳಗೆ ಬೆವತು, ಹಿಡಿದರೆ ದಳ ಉದುರುತ್ತಿತ್ತು. ಮಧ್ಯಾಹ್ನ ಮುಹೂರ್ತ. ಕುಂದಾ ಟ್ಯಾಕ್ಸಿ ಹಿಡಿದು ದಾದರಿಗೆ ಹೋದಳು.

ಬೆಳಗಿನ ಒಳ್ಳೆಯ ಮಾಲೆಲ್ಲ ಖಾಲಿಯಾಗಿತ್ತು. ಸಿಕ್ಕ ಕಡೆಯಲ್ಲೆಲ್ಲ ಕೇಳಿ ಸುತ್ತಿದಳು. ಕೊನೆಗೆ ಶೇಳಕೆಯ ಬಳಿ ಮಾತ್ರ ಒಂದು ಗೋಣಿ ಉಳಿದಿತ್ತು.

"ಎಷ್ಟ ಬೇಕು ಮೇಡಂ?" ಎಂದ ಅವನು.

"ಇದ್ದದ್ದೆಲ್ಲ."

"ಇಪ್ಪತ್ತೆರಡು ಕಿಲೋ ಐತಿ. ನೂರಾಐವತ್ತು." ಗೋಣಿ ಕೊಡವಿ ನೀರು ಇಳಿಸಿ, ತಕ್ಕಡಿಯ ಮುಳ್ಳು ನಡುವೆ ನಿಲ್ಲುವ ತನಕ ತೂಗಿದ. ಪಕ್ಕದ ಗಿರಾಕಿಗೂ ಅದೇ ದರ ಹೇಳಿದ್ದನ್ನು ಕುಂದಾ ಕೇಳಿಸಿಕೊಂಡಿದ್ದಳು. ತಕರಾರು ಮಾಡಲು ಏನೂ ಇರಲಿಲ್ಲ.

ಹೊರಡುವಾಗ ಪಕ್ಕದಲ್ಲಿ ಮೊಗ್ಗು ಕಟ್ಟಿ ಮಾರುತ್ತ ಕೂತಿದ್ದ ತಾರಾಬಾಯಿ ಸೆರಗು ಹಿಡಿದು ನಿಲ್ಲಿಸಿದಳು. "ನಸುಕಿನಾಗ ಲಾರಿ ಬಂದಾಗ ಅಂವಗನ ನೂರಾಮೂವತ್ತು ಬಿದ್ದಿತ್ತು. ನೀನು ಹೂಂ ಅಂದಿದ್ರ ನೂರಾಹತ್ತಕ್ಕ ಕೊಟ್ಟು ಕೈ ಸುಟ್ಟಕೊಳ್ತಿದ್ದ, ಹುಚ್ಚ ಮುಂಡೇದು. ಮಾತು ಕೊಟ್ರ ತಪ್ಪಂಗಿಲ್ಲ ಅಂವ."

ಹೂವು ಸಾಲದೆ ಮಂಟಪದ ಹಿಂಭಾಗಕ್ಕೆ ಹಳದಿ ಬಟ್ಟೆ ಸುತ್ತಿ ಮುಗಿಸಿದರು. ಮದುವೆಯವರು ದೀಪ ಚೆನ್ನಾಗಿದೆ ಎಂದರು. ಯಾರೂ ಏನೂ ಕೇಳಲಿಲ್ಲ.

ಮುಂದಿನ ವಾರ ಕುಂದಾ ಗಿರಾಕಿ ಇಲ್ಲದ ಹೊತ್ತು ನೋಡಿ ಹೋದಳು. "ಭಾವೂಜಿ, ನಾಲ್ಕು ಮಂದಿ ಮುಂದ ನಾ ಹಂಗ ಅನಬಾರದಿತ್ತು."

"ದರ ಕೇಳೂದು ಗಿರಾಕಿ ಹಕ್ಕು ಮೇಡಂ. ಅದರಾಗ ತಪ್ಪೇನೈತಿ? ಎಷ್ಟ ಕಿಲೋ ಕಟ್ಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಿ ಸರಿಮಾಡಿಕೊಳ್ಳುತ್ತಿದ್ದಳು. ಐದು ಕಿಲೋ ಸಾಕು ಎಂದು ದುಡ್ಡು ಕೊಟ್ಟು ಬಂದಳು.

ಈಗ ಅವಳು ದೀಪವನ್ನು ಅಳತೆ, ವಾರಂಟಿ ಎಲ್ಲ ಓದಿ ಆನ್‌ಲೈನ್‌ನಲ್ಲೇ ತರಿಸುತ್ತಾಳೆ. ಕಾಗದದ ಸಾಮಾನನ್ನು ಪೇಟೆಗೆ ಹೋಗಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುತ್ತಾಳೆ. ಹೂವು ದಾದರಿನದೇ, ಆದರೆ ಬೇರೆಯವನ ಹತ್ತಿರ. ಅವನೂ ಮೋಸದವನಲ್ಲ. ಶೀತಲ್ ಒಮ್ಮೆ ಕೇಳಿದಳು, ಮೇಲ್ಸೇತುವೆ ಕೆಳಗಿನ ಹತ್ತಿರದ ದಾರಿ ಬಿಟ್ಟು ಯಾಕೆ ಇಷ್ಟು ಸುತ್ತಿ ಬರ್ತೀರಿ ಅಂತ. ಆ ಕಡೆ ಗದ್ದಲ ಜಾಸ್ತಿ ಎಂದಳು ಕುಂದಾ.