ರೈಟರ್ ಸಿದ್ದುವಿನ ಗಡ್ಡ

ಮದುವೆಯಾದ ಹೊಸದರಲ್ಲಿ ಸಿದ್ದು ಹೆಂಡತಿಗೊಂದು ಮಾತು ಕೊಟ್ಟಿದ್ದ. ಹೆಂಡತಿ ಬಸುರಿಯಾದಾಗ ಗಂಡ ಗಡ್ಡಕ್ಕೆ ಕತ್ತಿ ಮುಟ್ಟಿಸಬಾರದೆಂಬುದು ಅವರ ಕಡೆಯ ರೂಢಿ. ಪುಷ್ಪಾ ಅದಕ್ಕೆ ಒಪ್ಪಿದ್ದಳು, ಆದರೆ ಒಂದು ಷರತ್ತಿನ ಮೇಲೆ.

"ನಮ್ ತಾತಂಗೆ ಎದೆವರೆಗೂ ಗಡ್ಡ ಇತ್ತು. ಹತ್ರ ಹೋಗಕ್ಕೇ ಭಯ ಬೀಳ್ತಿದ್ದೆ ನಾನು. ಮಗು ಹುಟ್ಟಿದ ದಿನಾನೇ ಗಡ್ಡ ತೆಗೆಸ್ಕಂಡ್ ಬಂದು ಎತ್ಕಬೇಕು. ಆಮೇಲೆ ಬಿಡಂಗಿಲ್ಲ."

"ಆಯ್ತು ಕಣೆ. ಗಡ್ಡ ಬಂದ್ರೆ ತಾನೆ ತೆಗೆಸೋದು," ಎಂದು ಸಿದ್ದು ನಕ್ಕಿದ್ದ.

ನಗಲು ಕಾರಣವೂ ಇತ್ತು. ಇಪ್ಪತ್ತಾರು ತುಂಬಿದ್ದರೂ ಅವನದು ಪಿಯುಸಿ ಹುಡುಗನ ಮುಖ. ಗುಂಡು ಕೆನ್ನೆ, ನುಣುಪು ಗಲ್ಲ, ದೊಡ್ಡ ಕಣ್ಣು. ಹೆತ್ತೂರು ಕಡೆಯ ಎಸ್ಟೇಟಿಗೆ ಹಂಗಾಮಿ ರೈಟರಾಗಿ ಸೇರಿದ ಮೊದಲ ದಿನವೇ ಕಾಫಿ ಒಯ್ಯಲು ಬಂದ ಲಾರಿಯವನು, "ಮಗಾ, ರೈಟರ್ನ ಕರಿ ಹೋಗು," ಎಂದಿದ್ದ. ಆಳುಗಳ ಹಾಜರಿ ಹಾಕುವುದು, ಯಾರು ಯಾವ ಪಟ್ಟೆಯಲ್ಲಿ ಕೊಯ್ಯಬೇಕೆಂದು ಹೇಳುವುದು ಅವನ ಕೆಲಸ. ಅವನು ಹೇಳಿದ್ದನ್ನು ಕೇಳಿಸಿಕೊಂಡ ಹೆಂಗಸರು ಮೇಸ್ತ್ರಿ ದ್ಯಾವಯ್ಯನ ಮುಖ ನೋಡುವರು. ದ್ಯಾವಯ್ಯ ತಲೆಯಾಡಿಸಿದರೆ ಮಾತ್ರ ಹೆಜ್ಜೆ ಕೀಳುವರು. ಆದರೆ ಆಳುಗಳು ವಾಸವಿದ್ದ ಲೈನುಮನೆಗಳ ಜ್ವರ, ಜಗಳ, ಮುರಿದ ಹೆಂಚು ಎಲ್ಲವೂ ಮೊದಲು ಬರುತ್ತಿದ್ದುದು ಸಿದ್ದುವಿನ ಹತ್ತಿರವೇ. ಹುಡುಗರಂತೂ ಅವನ ಸೈಕಲ್ ಬೆಲ್ ಬಾರಿಸಿಯೇ ಶಾಲೆಗೆ ಹೋಗುತ್ತಿದ್ದರು.

ಸಾಹುಕಾರ್ ಶಾಂತಮಲ್ಲಪ್ಪನವರು ಒಳ್ಳೆಯವರು, ಮುಚ್ಚುಮರೆಯಿಲ್ಲ. "ಕೆಲಸ ಚೆನ್ನಾಗ್ ಮಾಡ್ತೀಯಪ್ಪ. ಆದ್ರೆ ತೂಕ ಸಾಲದು. ಬರೋ ಕುಯ್ಲು ಮುಗೀಲಿ, ಕಾಯಂ ಮಾಡೋದು ನೋಡನ," ಎಂದಿದ್ದರು. ಕಾಯಂ ಆದರೆ ಸ್ಟೋರಿನ ಪಕ್ಕದ ಎರಡು ಕೋಣೆಯ ಮನೆ ಸಿಗುತ್ತದೆ. ಇಲ್ಲದಿದ್ದರೆ ಪುಷ್ಪಾ ಈಗಿನಂತೆ ಆಲೂರಿನ ತವರಲ್ಲೇ ಉಳಿಯಬೇಕು. ಸಿದ್ದು ಬೇರೆ ಎಸ್ಟೇಟಿನ ಬಾಗಿಲು ತಟ್ಟಬೇಕು.

ಪುಷ್ಪಾ ಬಸುರಿಯಾದಳು. ಸಿದ್ದು ಗಡ್ಡ ಬಿಟ್ಟ. ಮೊದಮೊದಲು ಅದು ಗಡ್ಡದ ಹಾಗಿರಲಿಲ್ಲ. ಗಲ್ಲದಲ್ಲೊಂದು ಗುಪ್ಪೆ, ಕೆನ್ನೆಯಲ್ಲಿ ಅಲ್ಲೊಂದು ಇಲ್ಲೊಂದು ಎಳೆ. "ಮನೇಲಿ ಯಾರಾದ್ರೂ ತೀರ್ಕಂಡ್ರಾ?" ಎಂದು ಒಬ್ಬರು ಕೇಳಿದರೆ, "ಮೈ ಹುಷಾರಿಲ್ವಾ?" ಎಂದು ಇನ್ನೊಬ್ಬರು. ಕೊನೆಗೆ ಆನೇಮಹಲಿನ ಕ್ಷೌರದಂಗಡಿಯ ಗಿಡ್ಡಯ್ಯ ತಡೆಯಲಾರದೆ ಕುರ್ಚಿಗೆ ಎಳೆದು ಕೂರಿಸಿದ.

"ಅಯ್ಯೋ ಮಾರಾಯ, ಗಡ್ಡ ತೆಗೀಬಾರ್ದು ಅಂತ ತಾನೆ ಶಾಸ್ತ್ರ? ಅಂಚು ಕಟ್ಬಾರ್ದು ಅಂತ ಇಲ್ವಲ್ಲ."

ಅದು ಶಾಸ್ತ್ರಕ್ಕೆ ಒಪ್ಪುತ್ತದೋ ಇಲ್ಲವೋ, ಸಿದ್ದು ಕತ್ತು ಚಾಚಿದ. ಗಿಡ್ಡಯ್ಯ ಕುತ್ತಿಗೆಯ ಕೂದಲನ್ನು ಬೋಳಿಸಿ, ಕೆನ್ನೆಯ ಮೇಲೊಂದು ಗೆರೆ ಎಳೆದು, ಕಿವಿಯ ಪಕ್ಕ ಸಣ್ಣಗೆ ಮಾಡಿ ಗಲ್ಲದಲ್ಲಿ ಉದ್ದ ಉಳಿಸಿದ. ಗುಂಡು ಮುಖ ಕೋಲಾಯಿತು. ಒಳಹೋದವನು ದಿಕ್ಕಿಲ್ಲದವನ ಹಾಗಿದ್ದ. ಹೊರಬಂದವನು ಕಾಲೇಜಿನ ಮೇಷ್ಟ್ರ ಹಾಗಿದ್ದ.

ಆ ಹೊತ್ತಿಗೇ ಹಾಜರಿ ಪುಸ್ತಕ ಓದುವಾಗ ಅವನಿಗೆ ತಲೆನೋವು ಬರತೊಡಗಿತ್ತು. ಸಕಲೇಶಪುರದಲ್ಲಿ ಕಣ್ಣು ತೋರಿಸಿದ, ಸ್ವಲ್ಪ ಪವರ್ ಇತ್ತು. ಕನ್ನಡಕದಂಗಡಿಯ ಗಯಾಜ್ ಸಾಬರು ಎರಡು ಫ್ರೇಮು ಮುಂದಿಟ್ಟರು. ಒಂದು ತೆಳುವಾದ ತಂತಿಯದು, ಇನ್ನೊಂದು ದಪ್ಪ ಕಪ್ಪಿನದು.

"ದಪ್ಪದ್ದು ಹಾಕ್ಕೊಂಡ್ರೆ ಓದಿದೋರ ಹಾಗೆ ಕಾಣ್ತೀರ. ಆದ್ರೆ ಕಣ್ಣು ಒಳಗೆ ಹೋಗಿಬಿಡುತ್ತೆ. ತೆಳುದ್ರಲ್ಲಿ ನಿಮ್ ಮುಖ ನಿಮ್ದಾಗೇ ಇರುತ್ತೆ."

"ದಪ್ಪದ್ದೇ ಕೊಡಿ ಸಾಬ್ರೆ," ಎಂದ ಸಿದ್ದು.

ಮಾರನೆಯ ದಿನದಿಂದ ಎಸ್ಟೇಟೇ ಬೇರೆಯಾಯಿತು. ಹೆಂಗಸರು ದ್ಯಾವಯ್ಯನ ಕಡೆ ತಿರುಗುವುದನ್ನು ಬಿಟ್ಟರು. ಲಾರಿಯವನು "ರೈಟರೇ" ಎಂದು ಬೀಡಿ ಆರಿಸಿದ. ಸಾಹುಕಾರರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡಿಸಬೇಕೋ ಹೊಸದು ತರಬೇಕೋ ಎಂದು ಅವನನ್ನೇ ಕೇಳಿದರು. ಪಲ್ಪರಿನ ವಿಷಯ ಸಿದ್ದುವಿಗೆ ಹೋದ ವಾರ ಎಷ್ಟು ಗೊತ್ತಿತ್ತೋ ಅಷ್ಟೇ ಈಗಲೂ ಗೊತ್ತಿತ್ತು. ಏನೂ ತೋಚದೆ ಗಡ್ಡ ಸವರಿಕೊಂಡ. "ಹೌದು, ಯೋಚನೆ ಮಾಡೇ ಹೇಳ್ಬೇಕು," ಎಂದು ಸಾಹುಕಾರರು ತಾವೇ ಒಪ್ಪಿಕೊಂಡರು. ಅವನಿಗೆ ಒಳಗೊಳಗೇ ನಗು ಬಂತು. ಆದರೆ ನಾಚಿಕೆಗೆ ಆ ರಾತ್ರಿಯೇ ಮೆಕ್ಯಾನಿಕ್ಕನ್ನು ಹಿಡಿದು ಯಂತ್ರ ಬಿಚ್ಚಿಸಿ ನೋಡಿ, ಸವೆದದ್ದು ಯಾವುದೆಂದು ತಿಳಿದುಕೊಂಡು ಸಾಹುಕಾರರಿಗೆ ಹೇಳಿದ. ಹಾಗೆಯೇ ಒಂದೊಂದಾಗಿ ಕಲಿತ. ಮುಖ ಮೊದಲು ದೊಡ್ಡದಾಯಿತು, ತಿಳಿವಳಿಕೆ ಹಿಂದಿನಿಂದ ಓಡಿ ಬಂದು ಸೇರಿಕೊಂಡಿತು.

ಸೈಕಲ್ ಬೆಲ್ ಬಾರಿಸುವುದು ನಿಂತಿದ್ದು ಯಾವಾಗ ಎಂದು ಮಾತ್ರ ಅವನು ಗಮನಿಸಲಿಲ್ಲ.

ಕುಯ್ಲು ಜೋರಾಗಿದ್ದಾಗ ಒಂದು ಬೆಳಿಗ್ಗೆ ದ್ಯಾವಯ್ಯ ಓಡಿಬಂದ. "ಲೈನಿನ ಗುಂಡಯ್ಯನ ಮಗೀಗೆ ಮೈಯೆಲ್ಲ ಕೆಂಡ ಆಗ್ಬುಟ್ಟೈತೆ. ಮೊನ್ನೆಯಿಂದ ಮಲಗೈತಂತೆ."

ಸಿದ್ದು ಜೀಪು ತೆಗೆಸಿ ಮಗುವನ್ನು ಸಕಲೇಶಪುರದ ಆಸ್ಪತ್ರೆಗೆ ಸೇರಿಸಿದ. ನ್ಯುಮೋನಿಯ, ಸಂಜೆಯ ಹೊತ್ತಿಗೆ ಅಪಾಯವಿಲ್ಲ ಎಂದರು. ಆಗ ವರಾಂಡದಲ್ಲಿ ಗುಂಡಯ್ಯನ ಹೆಂಡತಿಯನ್ನು ಕೇಳಿದ, "ಮೊನ್ನೆನೇ ನಂಗ್ಯಾಕೆ ಹೇಳ್ಲಿಲ್ಲಮ್ಮ?"

ಅವಳು ಸೆರಗು ಹಿಂಡಿದಳು. "ಬಾಗ್ಲತಂಕ ಬಂದಿದ್ದೆ ಕಣಣ್ಣ. ನೀವು ತಲೆ ಎತ್ತಿ ನೋಡಿದ್ರಿ. ಬೈತಿರೇನೋ ಅನ್ನಿಸ್ತು. ವಾಪಸ್ ಹೋಗ್ಬುಟ್ಟೆ."

ಸಿದ್ದುವಿಗೆ ನೆನಪಾಯಿತು. ಅವಳು ಬಂದಾಗ ಅವನು ನಕ್ಕಿದ್ದ. ಆದರೆ ತುಟಿ ಗಡ್ಡಮೀಸೆಯೊಳಗಿತ್ತು, ಕಣ್ಣು ಫ್ರೇಮಿನ ಹಿಂದಿತ್ತು. ನಕ್ಕದ್ದು ಅವನಿಗೆ ಮಾತ್ರ ಗೊತ್ತು.

ಎಸ್ಟೇಟಿಗೆ ಮರಳಲು ಬಸ್ಸು ಹತ್ತುವ ಮೊದಲು ಗಯಾಜ್ ಸಾಬರ ಅಂಗಡಿಗೆ ಹೋಗಿ ತಂತಿ ಫ್ರೇಮು ಹಾಕಿಸಿಕೊಂಡ. ಗಡ್ಡ ಶಾಸ್ತ್ರದ್ದು, ಅದನ್ನು ತೆಗೆಸುವಂತಿರಲಿಲ್ಲ. ಅದಕ್ಕೇ ಮರುದಿನದಿಂದ ಎದುರು ಬಂದವರನ್ನೆಲ್ಲ ತಾನೇ ಮೊದಲು ಮಾತಾಡಿಸತೊಡಗಿದ.

ಕುಯ್ಲು ಮುಗಿಯಿತು. "ಸೋಮವಾರ ಬಾ, ನಿನ್ ವಿಷಯ ತೀರ್ಮಾನ ಮಾಡನ," ಎಂದರು ಸಾಹುಕಾರರು. ಭಾನುವಾರ ಬೆಳಿಗ್ಗೆ ಆಲೂರಿನಿಂದ ಫೋನು ಬಂತು. ಹೆಣ್ಣು ಮಗು, ಇಬ್ಬರೂ ಕ್ಷೇಮ.

ಸಿದ್ದು ಗಿಡ್ಡಯ್ಯನ ಕನ್ನಡಿಯ ಮುಂದೆ ಹೋಗಿ ಕುಳಿತು ಸುದ್ದಿ ಹೇಳಿದ.

"ಇನ್ನೊಂದಿನ ತಡೀಬಾರ್ದಾ? ಕಾಯಂ ಮಾಡೋದು ನಾಳೆ ತಾನೆ," ಎಂದ ಗಿಡ್ಡಯ್ಯ. "ಇಷ್ಟ್ ಚೆನ್ನಾಗ್ ಕೂರ್ಸಿದ್ದೀನಿ."

ಸಿದ್ದು ಕನ್ನಡಿಯಲ್ಲಿ ಆ ತೂಕದ ಮನುಷ್ಯನನ್ನು ಒಮ್ಮೆ ನೋಡಿದ. ಗುಂಡಯ್ಯನ ಹೆಂಡತಿ ಬಾಗಿಲಲ್ಲಿ ನೋಡಿದ್ದೂ ಇವನನ್ನೇ. "ತೆಗಿ. ಮೀಸೆ ಮಾತ್ರ ಬಿಡು."

ಗಡ್ಡ ಹೋದ ಮೇಲೆ ಮುಖ ಎರಡು ಬಣ್ಣವಾಗಿತ್ತು. ಮೇಲೆ ಬಿಸಿಲುಂಡ ಕಪ್ಪು, ಕೆಳಗೆ ಬಿಳಿಚಿಕೊಂಡ ಗಲ್ಲ. ಆಲೂರಿನಲ್ಲಿ ಪುಷ್ಪಾ ನೋಡಿದವಳೇ ಹೊಟ್ಟೆ ಹಿಡಿದುಕೊಂಡಳು. "ನಗಿಸ್ಬೇಡಿ, ನೋವಾಯ್ತದೆ. ಹಸುಗೂಸು ಯಾವುದು ಅಂತ ಗೊತ್ತಾಯ್ತಿಲ್ಲ." ಮಗುವನ್ನು ಎತ್ತಿಕೊಂಡ. ಅದು ಇವನ ಮುಖ ನೋಡುವ ಗೋಜಿಗೇ ಹೋಗದೆ ಆಕಳಿಸಿತು.

ಸೋಮವಾರ ಹುಡುಗನ ಮುಖ ಹೊತ್ತು ಸಾಹುಕಾರರ ಜಗಲಿ ಹತ್ತಿದ.

ಶಾಂತಮಲ್ಲಪ್ಪನವರು ಯಾರಪ್ಪ ಇದು ಎಂಬಂತೆ ದಿಟ್ಟಿಸಿದರು. ಆಮೇಲೆ ಜೋರಾಗಿ ನಕ್ಕರು. "ಗಂಡೋ ಹೆಣ್ಣೋ?"

"ಹೆಣ್ಣು."

"ಒಳ್ಳೇದಾಯ್ತು. ಕೂತ್ಕೊ. ಆ ಪಲ್ಪರಿಂದು ನೀನು ಹೇಳಿದ್ದೇ ಸರಿ, ಆ ಭಾಗ ಬದಲಾಯಿಸಿದ್ ಮೇಲೆ ತಕರಾರಿಲ್ಲ. ಮನೆ ಬೀಗದ ಕೈ ಅಮ್ಮಾವ್ರ ಹತ್ರ ಐತೆ, ಇಸ್ಕೊ. ಸುಣ್ಣ ಹೊಡೆಸ್ಕಂಡ್ ಬಾಣಂತೀನ ಕರ್ಕಂಬಾ."

ಸಿದ್ದು ತನಗರಿಯದೆ ಗಲ್ಲ ಸವರಿಕೊಂಡ. ಕೈಗೆ ಏನೂ ಸಿಗಲಿಲ್ಲ.

"ಏನ್ ಹುಡುಕ್ತೀಯ?" ಎಂದರು ಸಾಹುಕಾರರು. "ಹೊಸಬ್ರು ಬಂದ್ರೆ ಮುಖ ನೋಡ್ಬೇಕು. ನೀನೇನ್ ಹೊಸಬ್ನಾ? ನಿನ್ ಮಾತು ಕೇಳ್ಕಂಡೇ ಇಷ್ಟು ದಿನ ಕೆಲಸ ನಡ್ದೈತಲ್ಲೋ."

ಬೀಗದ ಕೈ ಇಸಿದುಕೊಂಡು ಹೊರಬಂದಾಗ ಅಂಗಳದಲ್ಲಿ ಹೊಸ ಲಾರಿಯೊಂದು ನಿಂತಿತ್ತು. ಡ್ರೈವರು ಸಿದ್ದುವನ್ನು ನೋಡಿ, "ತಮ್ಮಾ, ರೈಟರ್ ಎಲ್ಲಿ?" ಎಂದ.

"ಕಣ್ ಕಾಣಲ್ವೇನೋ ನಿಂಗೆ? ಇವ್ರೇ ರೈಟ್ರು," ಎಂದು ಮೂಟೆಯ ಮೇಲಿಂದಲೇ ದ್ಯಾವಯ್ಯ ಗದರಿದ.

ಲೈನಿನ ಕಡೆ ನಿಲ್ಲಿಸಿದ್ದ ತನ್ನ ಸೈಕಲ್ಲಿನ ಬೆಲ್ಲನ್ನು ಹುಡುಗರು ಬಾರಿಸಿದ್ದು ಕೇಳಿಸಿತು. ಸಿದ್ದು ಬೀಗದ ಕೈ ಜೇಬಿಗಿಳಿಸಿದ.

ಆಮೇಲೆ ಅವನು ಗಡ್ಡ ಬಿಡಲಿಲ್ಲ. ಕೊಟ್ಟ ಮಾತು ನಡೆಯಿತು.