ಕೆಲಸ ಬಿಟ್ಟ ತಾರೀಕು

ನರ್ಸಿಂಗ್ ಕೌನ್ಸಿಲ್ ಅವಳ ಅರ್ಜಿಯನ್ನು ವಾಪಸು ಕಳಿಸಿತ್ತು: ಅನುಭವ ಪತ್ರದಲ್ಲಿ ಕೆಲಸ ಬಿಟ್ಟ ತಾರೀಕಿಲ್ಲ, ರಿಲೀವಿಂಗ್ ಲೆಟರ್ ಇಲ್ಲ, ಹಾಗಾಗಿ ನಾಲ್ಕು ವರ್ಷದ ದುಡಿಮೆ ಲೆಕ್ಕಕ್ಕಿಲ್ಲ. ನರ್ಸ್ ಮೂರನೆಯ ಸಲ ಹಳೆಯ ಆಸ್ಪತ್ರೆಯ ಮ್ಯಾನೇಜರನ ಮುಂದೆ ನಿಂತಳು.

“ಒಳ್ಳೆ ನಡತೆ ಅಂತ ಬರೆದಿದ್ದೀನಲ್ಲಮ್ಮಾ, ಸಾಲದಾ?”

“ನಡತೆ ಅವರಿಗೆ ಬೇಡ ಸಾರ್, ತಾರೀಕು ಬೇಕು.”

“ರಿಜಿಸ್ಟರ್ ಸಿಗ್ತಿಲ್ಲ.”

“ಹೋದ ವಾರ ತಪಾಸಣೆಗೆ ಬಂದೋರಿಗೆ ಸಿಕ್ತಲ್ಲ! ನಾನು ಬಿಟ್ಟು ಎಂಟು ತಿಂಗಳಾದ್ರೂ ಐಸಿಯು ನರ್ಸ್‌ಗಳ ಪಟ್ಟೀಲಿ ನೀವು ನನ್ನ ಹೆಸರೇ ತೋರಿಸಿದ್ರಂತೆ.”

ಮ್ಯಾನೇಜರ್ ಇಂಗು ತಿಂದ ಮಂಗನಂತಾದ.

“ಬಿಟ್ಟೇ ಇಲ್ಲ ಅಂದ್ರೆ ನಾಳೆ ಡ್ಯೂಟಿಗೆ ಬರ್ತೀನಿ. ಬಿಟ್ಟಿದ್ದೀನಿ ಅಂದ್ರೆ ಬರ್ಕೊಡಿ. ಎರಡೂ ಆಗಲ್ಲ ಅಂದ್ರೆ ತಪಾಸಣೆಯೋರನ್ನೇ ಕೇಳ್ತೀನಿ.”

ಲೆಟರ್‌ಹೆಡ್ ಹೊರಬಂತು. ಊರಿಗೆಲ್ಲ ಶಿಸ್ತು ಬೋಧಿಸುತ್ತಿದ್ದ ಮ್ಯಾನೇಜರ್ ತಾನೇ ಬರೆದು ಸೀಲು ಒತ್ತಿದ. ಅವಳು ಸೇರಿದ, ಬಿಟ್ಟ ಎರಡೂ ತಾರೀಕುಗಳನ್ನು ಬೆರಳಿಟ್ಟು ಓದಿದಳು, ಧನ್ಯವಾದ ಹೇಳದೆ ಹೊರಟಳು.